ಕಾಯುವ ಗಾಡಿ, ಬಿಟ್ಟುಹೋಗುವ ಡ್ರೈವರ್



ದೀಪಾವಳಿ ಹತ್ತಿರವಾದರೆ ಸಾಕು, ನಮ್ಮ ವಿಜಯಪುರ ಜಿಲ್ಲೆಯ ಲಾರಿ ಮಾಲಕರ ಬಾಯಲ್ಲಿ ಒಂದೇ ಮಾತು: ಗಾಡಿ ಐತಿ, ಲೋಡ್ ಐತಿ, ಡ್ರೈವರ್ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಯಾವ ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ನಾನು ಬಹಳ ವರ್ಷ ಇಂಥ ಒಂದು ಆಫೀಸಿನಲ್ಲಿ ಟ್ರಿಪ್ ಲೆಕ್ಕ ಬರೆದವನು. ಡ್ರೈವರುಗಳಿಗೆ ಅಡ್ವಾನ್ಸ್ ಕೊಟ್ಟವನು, ಅವರು ಕೆಲಸ ಬಿಟ್ಟಾಗ ಬಾಕಿ ಕಳೆದು ಲೆಕ್ಕ ಮುಗಿಸಿದವನು. ಆ ಲೆಕ್ಕದ ಪುಸ್ತಕಗಳನ್ನು ಇಟ್ಟುಕೊಂಡೇ ಇವತ್ತು ಮಾತಾಡುತ್ತೇನೆ.

ಈ ಕೊರತೆ ಚಳಿಗಾಲದಲ್ಲೇ ಏಕೆ ಬಿಗಿಯಾಗುತ್ತದೆ? ನಮ್ಮ ಭಾಗದ ಸುಗ್ಗಿಗಳೆಲ್ಲ ನಾಲ್ಕು ತಿಂಗಳೊಳಗೆ ಒಂದರ ಮೇಲೊಂದು ಬರುತ್ತವೆ. ಬಸವನಬಾಗೇವಾಡಿ ಕಡೆ ಮುಂಗಾರಿ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಇಂಡಿಯ ಮರಗೂರು, ಸಿಂದಗಿ ಕಡೆಯ ಆಲಮೇಲ, ಮುದ್ದೇಬಿಹಾಳದ ಯರಗಲ್ಲು, ಈ ಎಲ್ಲ ಊರುಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿರುತ್ತವೆ. ಅದರ ಬೆನ್ನಿಗೇ ತಾಳಿಕೋಟಿ, ಸಿಂದಗಿ ಪೇಟೆಗೆ ತೊಗರಿ ಬರುತ್ತದೆ. ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದ ಹಾರುಬೂದಿ ಸಾಗಿಸುವ ಬಲ್ಕರ್‌ಗಳಿಗಂತೂ ವರ್ಷವಿಡೀ ಕೆಲಸ. ಹೆವಿ ಲೈಸೆನ್ಸ್ ಇರುವ ಅದೇ ಮನುಷ್ಯ ಈ ಎಲ್ಲರಿಗೂ ಬೇಕು. ಜೊತೆಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ನೇಮಕಾತಿ ಕರೆದರೆ, ಇದ್ದವರಲ್ಲಿ ಶಿಸ್ತಿನವರೇ ಮೊದಲು ಅರ್ಜಿ ಹಾಕುತ್ತಾರೆ. ಅಲ್ಲಿ ಪಾಳಿ ಇದೆ, ವಾರದ ರಜೆ ಇದೆ, ತಿಂಗಳಿಗೊಮ್ಮೆ ಸಂಬಳವಿದೆ.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪುಸ್ತಕ ತಿರುವಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಮ್ಮಲ್ಲಿರುವ ಡ್ರೈವರುಗಳು ಸ್ಟಿಯರಿಂಗ್ ಹಿಡಿಯುವ ಹೊತ್ತಿಗಿಂತ ಗಾಡಿಯ ನೆರಳಲ್ಲಿ ಕೂರುವ ಹೊತ್ತೇ ಹೆಚ್ಚು. ಡ್ರೈವರ್ ಕೊರತೆಯ ದೊಡ್ಡ ಪಾಲು ಹುಟ್ಟುವುದೇ ಈ ಕಾಯುವಿಕೆಯಲ್ಲಿ. ಇದ್ದ ಡ್ರೈವರ್ ಬಿಟ್ಟುಹೋಗುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ಒಂದು ಟ್ರಿಪ್ ತೆಗೆದುಕೊಳ್ಳೋಣ. ಮನಗೂಳಿಯ ಹೊಲದಿಂದ ಉಳ್ಳಾಗಡ್ಡಿ ಹೇರಿಕೊಂಡು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹೋಗುವ ಹತ್ತು ಗಾಲಿಯ ಗಾಡಿ. ನಿಡಗುಂದಿ, ಹುನಗುಂದ, ಇಳಕಲ್ಲು, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ, ತುಮಕೂರು ಹಾದು ಸುಮಾರು 500 ಕಿಲೋಮೀಟರ್. ಲೋಡ್ ಗಾಡಿ ಊಟ, ಚಹಾ, ಟೈರ್ ತಪಾಸಣೆ ಎಲ್ಲ ಸೇರಿ 15 ತಾಸಿನಲ್ಲಿ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. ಮುಂಜಾನೆ ಎಂಟಕ್ಕೆ ಗಾಡಿ ಹೊಲಕ್ಕೆ ಬಂದು, ಮಧ್ಯಾಹ್ನ ಹನ್ನೆರಡಕ್ಕೆ ಹೇರಿ ಮುಗಿದು, ಕಾಟಾ ಮಾಡಿಸಿ, ತಾಡಪತ್ರಿ ಕಟ್ಟಿ ಒಂದಕ್ಕೆ ಹೊರಟರೆ ಮರುದಿನ ನಸುಕಿನ ನಾಲ್ಕಕ್ಕೆ ಯಾರ್ಡಿನಲ್ಲಿರುತ್ತದೆ. ಮುಂಜಾನೆಯ ವ್ಯಾಪಾರಕ್ಕೆ ಮೊದಲೇ ಅಂಗಡಿ ಮುಂದೆ ಮಾಲು ಇಳಿಯುತ್ತದೆ. ಹಗಲು ಡ್ರೈವರ್ ನಿದ್ದೆ ಮಾಡುತ್ತಾನೆ, ಸಂಜೆ ರಿಟರ್ನ್ ಲೋಡ್ ಹಿಡಿಯುತ್ತಾನೆ. ಮೂರೂವರೆ ದಿನಕ್ಕೆ ಗಾಡಿ ಮತ್ತೆ ಊರಲ್ಲಿ.

ನಿಜಕ್ಕೂ ನಡೆಯುವುದು ಬೇರೆ. ಎಂಟಕ್ಕೆ ಗಾಡಿ ಹೋದರೆ ಹೊಲದಲ್ಲಿ ಉಳ್ಳಾಗಡ್ಡಿ ಇನ್ನೂ ಗುಡ್ಡೆಯಲ್ಲೇ ಇರುತ್ತದೆ. ಚೀಲ ತುಂಬಿಲ್ಲ, ತುಂಬಿದ್ದರ ಬಾಯಿ ಹೊಲಿದಿಲ್ಲ. ಹಮಾಲರು ಬೇರೊಂದು ಗಾಡಿ ಹೇರಿ ಮಧ್ಯಾಹ್ನ ಎರಡಕ್ಕೆ ಬರುತ್ತಾರೆ. ಮುಗಿಯುವಾಗ ಸಂಜೆ ಆರು. ಏಳಕ್ಕೆ ಹೊರಟ ಗಾಡಿ ಯಶವಂತಪುರ ಮುಟ್ಟುವುದು ಮರುದಿನ ಹತ್ತಕ್ಕೆ. ಅಷ್ಟೊತ್ತಿಗೆ ಯಾರ್ಡ್ ತುಂಬಿರುತ್ತದೆ, ವ್ಯಾಪಾರ ನಡೆದಿರುತ್ತದೆ, ಹಮಾಲರ ಕೈ ಬಿಡುವಿರುವುದಿಲ್ಲ. ಮಾಲು ಇಳಿಯುವುದು ಸಂಜೆಗೋ ಅದರ ಮರುದಿನಕ್ಕೋ. ಇಳಿಸುವ ಹೊತ್ತಿಗೆ ರಿಟರ್ನ್ ಲೋಡ್ ಬೇರೆಯವರ ಪಾಲಾಗಿರುತ್ತದೆ; ಅದಕ್ಕೂ ಒಂದು ದಿನ ಕೂರಬೇಕು. ಹೊಲದಲ್ಲಿ ಆದ ಆರು ತಾಸಿನ ತಡ ಬೆಂಗಳೂರಿಗೆ ಹೋಗಿ ಒಂದೂವರೆ ದಿನವಾಗಿ ಬೆಳೆಯುತ್ತದೆ. ಮೂರೂವರೆ ದಿನದ ಟ್ರಿಪ್ ಐದು ದಿನದ್ದಾಗುತ್ತದೆ. ಓಡಿದ ತಾಸುಗಳು ಮಾತ್ರ ಅಷ್ಟೇ.

ಈಗ ಡ್ರೈವರ್ ಜೇಬಿನ ಲೆಕ್ಕ. ಪ್ರತಿ ಊರಲ್ಲೂ ದರ ಬೇರೆ. ತಿಳಿಯಲು ಸುಲಭವಾಗಲೆಂದು ಒಂದು ಟ್ರಿಪ್ಪಿಗೆ ₹3,500 ಅನ್ನೋಣ. 28 ದಿನದಲ್ಲಿ ಮೂರೂವರೆ ದಿನದ ಟ್ರಿಪ್ ಎಂಟಾಗುತ್ತವೆ, ಕೈಗೆ ₹28,000. ಅದೇ ಐದು ದಿನದ ಟ್ರಿಪ್ ಐದೂವರೆ ಆಗುತ್ತವೆ, ಸುಮಾರು ₹19,000. ಮೇಲೆ ಕಾಯುವ ದಿನಗಳ ಊಟ, ಚಹಾ, ಸ್ನಾನದ ಖರ್ಚು ಅವನದೇ. ಟ್ರಿಪ್ ಲೆಕ್ಕದಲ್ಲಿ ದುಡಿಯುವವನಿಗೆ ಕಾಯುವ ತಾಸಿಗೆ ಒಂದು ಪೈಸೆಯೂ ಇಲ್ಲ. ಗಾಡಿ ಬಿಟ್ಟು ಅತ್ತಿತ್ತ ಹೋಗುವಂತೆಯೂ ಇಲ್ಲ. ಹೋದರೆ ಡೀಸೆಲ್ ಹೋಗುತ್ತದೆ, ಸ್ಟೆಪ್ನಿ ಹೋಗುತ್ತದೆ, ಪಾಳಿಯೂ ಹೋಗುತ್ತದೆ. ಅರವತ್ತರ ಹತ್ತಿರದ ಒಬ್ಬ ಡ್ರೈವರ್ ಕೆಲಸ ಬಿಡುವ ದಿನ ಮಾಲಕರ ಮುಂದೆ ಕೀಲಿಕೈ ಇಟ್ಟು ಹೇಳಿದ್ದು ನನಗೆ ನೆನಪಿದೆ: "ಸಾವ್ಕಾರ್ರ, ಗಾಡಿ ಹೊಡಿಯಾಕ ನನಗ ಬ್ಯಾಸರಿಲ್ಲ. ಗಾಡಿ ಕಾಯಾಕ ಬ್ಯಾಸರ ಆಗೇತ್ರಿ." ಮಾಲಕರು, "ಕಾಕಾ, ಪಗಾರ ಹೆಚ್ಚು ಮಾಡ್ತೀನಿ, ಇರ್ರಿ" ಅಂದರು. ಅವನು ಇರಲಿಲ್ಲ. ಅವನು ಹೇಳಿದ್ದು ಪಗಾರದ ಮಾತು ಆಗಿರಲಿಲ್ಲ.

ಮಾಲಕನ ಲೆಕ್ಕವೂ ಇದರಲ್ಲೇ ಇದೆ. ನಾಲ್ಕು ಗಾಡಿಯವನು ತಿಂಗಳಿಗೆ 32 ಟ್ರಿಪ್ ಮಾಡಬಹುದಿತ್ತು; ಮಾಡುವುದು 22. ಉಳಿದ ಹತ್ತು ಟ್ರಿಪ್ಪಿನ ಮಾಲು ಎದುರಿಗೇ ಇದೆ, ಹೇರಲು ಗಾಡಿಯಿಲ್ಲ. ಆಗ ಅವನು ಸಾಲ ಮಾಡಿ ಇನ್ನೆರಡು ಗಾಡಿ ತರಬೇಕೆನ್ನುತ್ತಾನೆ, ಇನ್ನಿಬ್ಬರು ಡ್ರೈವರುಗಳನ್ನು ಹುಡುಕುತ್ತಾನೆ, ಸಿಗದಿದ್ದಾಗ ಡ್ರೈವರ್ ಕೊರತೆ ಅನ್ನುತ್ತಾನೆ. ಆ ಇಬ್ಬರು ಡ್ರೈವರುಗಳ ಕೆಲಸದ ಹೊತ್ತು ಆಗಲೇ ಅವನ ಬಳಿ ಇತ್ತು. ಹೊಲದ ಬದುವಿನಲ್ಲೂ ಯಾರ್ಡಿನ ಗೇಟಿನಲ್ಲೂ ಖರ್ಚಾಗಿ ಹೋಯಿತು.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಟ್ರಕ್ ಚಾಲಕರ ಕೊರತೆಯ ಕೂಗು ಎದ್ದಾಗ, ಎಂ.ಐ.ಟಿ. ಸಂಸ್ಥೆಯ ಸಂಶೋಧಕ ಡೇವಿಡ್ ಕೊರೆಲ್ 2021ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಒಂದು ಅಂಕಿ ಇಟ್ಟರು. ಕಾನೂನು ದಿನಕ್ಕೆ 11 ತಾಸು ಓಡಿಸಲು ಬಿಟ್ಟರೂ ದೂರದ ಚಾಲಕ ಸರಾಸರಿ ಓಡಿಸುವುದು ಆರೂವರೆ ತಾಸು. ಪ್ರತಿ ಚಾಲಕನಿಗೆ ದಿನಕ್ಕೆ 18 ನಿಮಿಷ ಹೆಚ್ಚು ಓಡಿಸುವಂತಾದರೆ ಆಗ ಹೇಳುತ್ತಿದ್ದ ಕೊರತೆಯೇ ನೀಗುತ್ತದೆ ಎಂದರು. ನಮ್ಮಲ್ಲಿ ನುಂಗಿಹೋಗುವುದು ನಿಮಿಷಗಳಲ್ಲ, ದಿನಗಳು.

ನಮ್ಮ ಕಾನೂನು ಈ ಕಾಯುವ ಹೊತ್ತನ್ನು ಹೇಗೆ ನೋಡಿತು ಎಂಬುದನ್ನೂ ಹೇಳಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ ಎಂದು ಗೊತ್ತುಮಾಡಿತು. ಕೆಲಸದ ತಾಸು ಎಂದರೇನು ಎಂಬ ವಿವರಣೆಯಲ್ಲಿ, ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನು ಕೆಲಸದಲ್ಲಿ ಸೇರಿಸಿತು. ಹದಿನೈದು ನಿಮಿಷ ದಾಟಿದ ಕಾಯುವಿಕೆಗೆ ಆ ವಿವರಣೆಯಲ್ಲಿ ಜಾಗ ಸಿಗಲಿಲ್ಲ. ಮೇಲಾಗಿ ಐವರು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಷ್ಟೇ ಆ ಕಾಯ್ದೆ ಅನ್ವಯಿಸುತ್ತಿತ್ತು. ನಮ್ಮ ಊರುಗಳ ಮಾಲಕರಲ್ಲಿ ಬಹುಪಾಲು ಒಂದು, ಎರಡು, ಮೂರು ಗಾಡಿಯವರು. ಆ ಕಾಯ್ದೆ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಆದರೂ ಕಾಯುವುದು ಕೆಲಸವಲ್ಲ ಎಂಬ ಹಳೆಯ ರೂಢಿ ನಮ್ಮ ಗೇಟುಗಳಲ್ಲಿ ಹಾಗೇ ಉಳಿದಿದೆ.

ಕಬ್ಬಿನ ಹಂಗಾಮಿನಲ್ಲಿ ಈ ಕಾಯುವಿಕೆ ಕಣ್ಣಿಗೇ ಕಾಣುತ್ತದೆ. ದಿನಕ್ಕೆ 5,000 ಟನ್ ನುರಿಸುವ ಒಂದು ಕಾರ್ಖಾನೆ ಎಂದುಕೊಳ್ಳಿ. ಒಂದು ಗಾಡಿಗೆ 15 ಟನ್ನಿನಂತೆ ದಿನಕ್ಕೆ ಸುಮಾರು 330 ಗಾಡಿ ಬೇಕು, ತಾಸಿಗೆ 14. ಗಿರಣಿ ರಾತ್ರಿ ಹಗಲು ಒಂದೇ ಸಮ ತಿನ್ನುತ್ತದೆ, ಆದರೆ ಕಬ್ಬು ಕಡಿಯುವ ಗ್ಯಾಂಗ್ ಹಗಲಲ್ಲಿ ಮಾತ್ರ ಕಡಿಯುತ್ತದೆ. ಹೀಗಾಗಿ ಮಧ್ಯಾಹ್ನದಿಂದ ರಾತ್ರಿಯೊಳಗೆ ಎಲ್ಲ ಗಾಡಿಗಳೂ ಒಟ್ಟಿಗೆ ಬಂದು ಸಾಲು ಹಚ್ಚುತ್ತವೆ. ನಡುವೆ ಗಿರಣಿ ನಾಲ್ಕು ತಾಸು ನಿಂತರೆ ಇನ್ನೂ 56 ಗಾಡಿ ಸಾಲಿಗೆ ಸೇರುತ್ತವೆ. ಯಾರ್ಡಿನಲ್ಲಿ ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ರೈತನಿಗೆ ಕಾಟಾದ ಮೇಲಿನ ತೂಕಕ್ಕೇ ಹಣ. ಡ್ರೈವರ್ ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿದ್ದಾನೆ. ಮುಂದಿನ ಗಾಡಿ ಹತ್ತು ಅಡಿ ಸರಿದರೆ ಇವನೂ ಎದ್ದು ಹತ್ತು ಅಡಿ ಸರಿಸಬೇಕು, ಇಲ್ಲದಿದ್ದರೆ ಹಿಂದಿನವ ನುಗ್ಗುತ್ತಾನೆ. ರಾತ್ರಿಯಿಡೀ ಹೀಗೆ ಎದ್ದು ಕೂತವನು ಬೆಳಗ್ಗೆ ಖಾಲಿ ಗಾಡಿ ಹಿಡಿದು ಹೊಲಕ್ಕೆ ಹೊರಡುತ್ತಾನೆ. ನಮ್ಮ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳ ಅಪಘಾತಗಳ ಸುದ್ದಿ ಓದುವಾಗ ಈ ನಿದ್ದೆಗೆಟ್ಟ ರಾತ್ರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ನೋವಿನ ವಿಷಯ. ಇದಕ್ಕೆ ದಾರಿಯೂ ಇದೆ. ಯಾವ ಗಾಡಿ ಎಷ್ಟು ಹೊತ್ತಿಗೆ ಬರಬೇಕು ಎಂದು ಕಡಿತದ ಚೀಟಿಯಲ್ಲೇ ಹೊತ್ತು ಬರೆದುಕೊಟ್ಟು, ಗಿರಣಿ ನಿಂತ ಕೂಡಲೇ ಹೊಲದಲ್ಲಿರುವ ಗ್ಯಾಂಗಿಗೆ ಫೋನು ಮಾಡಿ ಕಡಿತ ತಡೆದರೆ, ಕಬ್ಬು ಹೊಲದಲ್ಲೇ ಹಸಿಯಾಗಿ ನಿಲ್ಲುತ್ತದೆ, ಗಾಡಿ ಸಾಲಿನಲ್ಲಿ ನಿಲ್ಲುವುದಿಲ್ಲ.

ಡ್ರೈವರ್ ಬಿಟ್ಟುಹೋಗದಂತೆ ಮಾಲಕರು ಏನು ಮಾಡುತ್ತಾರೆ? ಅಡ್ವಾನ್ಸ್ ಕೊಡುತ್ತಾರೆ. ಐವತ್ತು ಸಾವಿರ, ಒಂದು ಲಕ್ಷ ಮುಂಗಡ ಕೊಟ್ಟರೆ ಡ್ರೈವರ್ ಎಲ್ಲಿ ಹೋಗುತ್ತಾನೆ ಎಂಬ ಧೈರ್ಯ ಅವರಿಗೆ. ನನ್ನ ಪುಸ್ತಕಗಳು ಹೇಳುವುದು ತಿರುಗಾಮುರುಗ. ತಿಂಗಳ ದುಡಿಮೆಗಿಂತ ಬಾಕಿ ದೊಡ್ಡದಾದ ದಿನದಿಂದ ಅವನ ಕೈಗೆ ರೊಕ್ಕ ಬರುವುದು ನಿಲ್ಲುತ್ತದೆ, ದುಡಿದದ್ದೆಲ್ಲ ಬಾಕಿಗೇ ಜಮೆ. ಹದಿನೈದು ದಿನಕ್ಕೊಮ್ಮೆ ಮತ್ತೆ ಕೈಗಡ ಕೇಳುತ್ತಾನೆ. ಡೀಸೆಲ್ ಲೆಕ್ಕದಲ್ಲಿ ಜಗಳ ಶುರುವಾಗುತ್ತದೆ. ಆಮೇಲೆ ಒಂದು ದಿನ ಫೋನ್ ಬಂದ್. ಗಾಡಿ ಯಾವುದೋ ಪೆಟ್ರೋಲ್ ಬಂಕಿನಲ್ಲಿ ನಿಂತಿರುತ್ತದೆ, ಕೀಲಿಕೈ ಬಂಕಿನ ಹುಡುಗನ ಕೈಯಲ್ಲಿ. ಇನ್ನೊಬ್ಬ ಮಾಲಕ ಇನ್ನೂ ದೊಡ್ಡ ಅಡ್ವಾನ್ಸ್ ಕೊಟ್ಟು ಅವನನ್ನು ಬಿಡಿಸಿಕೊಂಡಿರುತ್ತಾನೆ. ಅಡ್ವಾನ್ಸ್ ಒಂದು ತಿಂಗಳ ದುಡಿಮೆ ದಾಟಬಾರದು, ಪ್ರತಿ ತಿಂಗಳು ಗೊತ್ತಾದ ತಾರೀಖಿಗೆ ಲೆಕ್ಕ ಮುಗಿದು ಚೀಟಿ ಅವನ ಕೈಯಲ್ಲಿರಬೇಕು. ಇದು ಮಾಲಕರಿಗೆ ನಾನು ಹೇಳುವ ಮೊದಲ ಮಾತು.

ಎರಡನೆಯದು, ಕಾಯುವ ಹೊತ್ತನ್ನು ಬರೆಯುವುದು. ಹಾಲ್ಟಿಂಗ್ ಕೇಳಿದರೆ ವ್ಯಾಪಾರಸ್ಥ ಮೊದಲು ಕೇಳುವುದೇ ಸಾಕ್ಷಿ. ಲಾರಿ ರಸೀದಿಯ ಮೇಲೆ ಗಾಡಿ ಬಂದ ಹೊತ್ತು, ಹೇರಲು ಶುರುಮಾಡಿದ ಹೊತ್ತು, ಬಿಟ್ಟ ಹೊತ್ತು ಬರೆದು ಅಲ್ಲಿನವರ ಸಹಿ ಹಾಕಿಸಬೇಕು. ಸಹಿ ಕೊಡದಿದ್ದರೆ ಗೇಟ್ ಪಾಸಿನ ಫೋಟೋ, ಕಾಟಾ ಚೀಟಿ, ಟೋಲ್ ನಾಕಾದಲ್ಲಿ ಫಾಸ್ಟ್ಯಾಗ್ ಕಡಿತವಾದ ಮೆಸೇಜು ಸಾಕು, ಹೊತ್ತು ತಾನೇ ಎದ್ದು ಕಾಣುತ್ತದೆ. ಗಾಡಿಗಳಲ್ಲಿ ಈಗ ಜಿ.ಪಿ.ಎಸ್. ಇದೆ. ಡ್ರೈವರ್ ಎಲ್ಲಿ ನಿಂತ, ಏಕೆ ನಿಂತ ಎಂದು ಅವನನ್ನು ಕಾಡಲು ಅದನ್ನು ಬಳಸುವವರೇ ಬಹಳ. ಯಾವ ವ್ಯಾಪಾರಸ್ಥನ ಅಂಗಳದಲ್ಲಿ ಗಾಡಿ ಎಷ್ಟು ತಾಸು ನಿಂತಿತು ಎಂದು ಮೂರು ತಿಂಗಳು ಅದರಿಂದಲೇ ಬರೆದಿಟ್ಟರೆ, ಮಾಲಕನಿಗೆ ತನ್ನ ಗಿರಾಕಿಗಳಲ್ಲಿ ಯಾರು ಲಾಭದವರು, ಯಾರು ನಷ್ಟದವರು ಎಂದು ಗೊತ್ತಾಗುತ್ತದೆ. ಬಾಡಿಗೆ ಐದು ನೂರು ಕಡಿಮೆ ಕೊಟ್ಟರೂ ನಾಲ್ಕು ತಾಸಿನಲ್ಲಿ ಬಿಡುವವನು, ಹೆಚ್ಚು ಕೊಟ್ಟು ಎರಡು ದಿನ ಕೂರಿಸುವವನಿಗಿಂತ ಎಷ್ಟೋ ಮೇಲು. ಗಾಡಿಯ ಕಂತು ತಿಂಗಳಿಗೆ ₹60,000 ಇದ್ದರೆ ನಿಂತ ಒಂದು ದಿನಕ್ಕೆ ಕಂತಿನ ಖರ್ಚೇ ₹2,000.

ಬಂದ ಹಾಲ್ಟಿಂಗ್ ಹಣದಲ್ಲಿ ಅರ್ಧ ಡ್ರೈವರಿಗೆ ಸೇರಬೇಕು. ಬಾರದೇ ಹೋದರೂ ಮೊದಲ ಆರು ತಾಸಿನ ಮೇಲೆ ಮಾಲಕ ತನ್ನ ಕೈಯಿಂದ ಒಂದು ದಿನದ ಬಾಟಾ ಕೊಡಬೇಕು. ಕೊಡುವ ಕೈಗೆ ನೋವಾದಾಗಲೇ ಮಾಲಕ ಗಾಡಿ ಕಳಿಸುವ ಮುಂಚೆ ಫೋನ್ ಮಾಡುತ್ತಾನೆ: ಚೀಲ ಹೊಲಿದಾಯ್ತೇನು, ಹಮಾಲರು ಬಂದರೇನು, ಹೊಲಕ್ಕೆ ದಾರಿ ಹಸನೈತೇನು. ಅಂದುಕೊಂಡಂತೆ ಹೇರುವ ಹಾಗಿದ್ದರೆ ಮಾತ್ರ ಗಾಡಿ ಎಂಟಕ್ಕೆ ಹೋಗಲಿ. ಇಲ್ಲದಿದ್ದರೆ ಡ್ರೈವರ್ ಮನೆಯಲ್ಲೇ ಮಲಗಿರಲಿ. ಮನೆಯಲ್ಲಿ ಕಾದ ಆರು ತಾಸು ಅವನಿಗೆ ವಿಶ್ರಾಂತಿ.

ಇದೆಲ್ಲ ಮಾಡಿದರೆ ಹುಟ್ಟುವ ಲಾಭವನ್ನು ಏನು ಮಾಡಬೇಕು ಎಂಬಲ್ಲಿ ನನ್ನ ಮುಖ್ಯ ಮಾತಿದೆ. ಆ ನಾಲ್ಕು ಗಾಡಿಯ ಮಾಲಕ ಕಾಯುವಿಕೆ ತಗ್ಗಿಸಿ 32 ಟ್ರಿಪ್ ಮುಟ್ಟಿದನೆನ್ನಿ. ಅವನು ನಾಲ್ವರ ಬದಲು ಐವರು ಡ್ರೈವರುಗಳನ್ನು ಇಟ್ಟುಕೊಳ್ಳಬೇಕು. 32 ಟ್ರಿಪ್ಪಿನ ₹1,12,000 ಐವರಿಗೆ ಹಂಚಿದರೆ ಒಬ್ಬೊಬ್ಬನಿಗೆ ₹22,400. ಮೊದಲಿನ ₹19,000ಕ್ಕಿಂತ ಹೆಚ್ಚು. ಮತ್ತು ಪ್ರತಿಯೊಬ್ಬನಿಗೂ ತಿಂಗಳಲ್ಲಿ ಐದಾರು ದಿನ ಪೂರ್ತಿ ಮನೆ ಸಿಗುತ್ತದೆ, ಗಾಡಿ ಮಾತ್ರ ಒಂದು ದಿನವೂ ಡ್ರೈವರಿಲ್ಲದೆ ನಿಲ್ಲುವುದಿಲ್ಲ. ಐದನೆಯವನು ಎಲ್ಲಿಂದ ಬರುತ್ತಾನೆ ಎಂದು ಕೇಳುವಿರಿ. ಬಸ್ಸಿನ ನೌಕರಿಗೆ ಕಾದು ಕೂತವರು, ಊರಲ್ಲೇ ಟ್ರ್ಯಾಕ್ಟರ್ ಓಡಿಸಿಕೊಂಡಿರುವವರು ತಿಂಗಳಿಗೆ ಇಷ್ಟು ದಿನ ರಜೆ ಎಂದು ಖಾತ್ರಿಯಾದರೆ ಬರುತ್ತಾರೆ. ನೋಡಿದ್ದೇನೆ. ಆದರೆ ರಜೆ ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿರಬೇಕು. "ಈ ಟ್ರಿಪ್ ಮುಗಿಸಿ ಬಾ ತಮ್ಮಾ, ನೋಡೂಣು" ಎಂಬ ರಜೆಯನ್ನು ಯಾರೂ ನಂಬುವುದಿಲ್ಲ. ಸಿದ್ಧೇಶ್ವರ ಜಾತ್ರೆ, ಊರ ಜಾತ್ರೆ, ಕಾರ ಹುಣ್ಣಿಮೆ ಯಾರ ಪಾಳಿಗೆ ಎಂದು ಯುಗಾದಿಗೇ ಕೂತು ಹಂಚಿಕೊಂಡರೆ ಜಗಳ ಅರ್ಧ ಕಡಿಮೆ.

ದೊಡ್ಡವರು ಇನ್ನೊಂದು ದಾರಿ ಹಿಡಿದಿದ್ದರು. 2014ರಲ್ಲಿ ಶುರುವಾದ ರಿವಿಗೊ ಕಂಪನಿ ದಾರಿಯಲ್ಲಿ ಅಲ್ಲಲ್ಲಿ ಡ್ರೈವರ್ ಬದಲಿಸುವ ಪದ್ಧತಿ ತಂದಿತು. ಗಾಡಿ ಮುಂದೆ ಹೋಗುತ್ತದೆ, ಡ್ರೈವರ್ ಎದುರು ಗಾಡಿ ಹಿಡಿದು ಅದೇ ದಿನ ಮನೆಗೆ ಬರುತ್ತಾನೆ. 2022ರಲ್ಲಿ ಅದರ ಎಕ್ಸ್‌ಪ್ರೆಸ್ ವ್ಯವಹಾರ ಮಹೀಂದ್ರ ಲಾಜಿಸ್ಟಿಕ್ಸ್ ಪಾಲಾಯಿತು. ಈ ಪದ್ಧತಿಗೆ ಎರಡೂ ಕಡೆಯಿಂದ ಹೊತ್ತಿಗೆ ಸರಿಯಾಗಿ ಗಾಡಿಗಳು ಬರುತ್ತಲೇ ಇರಬೇಕು. ನಮ್ಮ ನಾಲ್ಕು ಗಾಡಿಯವರು ಚಿತ್ರದುರ್ಗದಲ್ಲಿ ಬದಲಿಸಲು ಹೋದರೆ ಒಬ್ಬ ಇನ್ನೊಬ್ಬನಿಗಾಗಿ ಕಾಯುತ್ತ ಕೂರಬೇಕಾಗುತ್ತದೆ. ಜ್ಯಾಕ್ ಯಾರು ಕಳೆದರು, ಡೀಸೆಲ್ ಯಾರದು ಎಂಬ ತಕರಾರು ಬೇರೆ. ಸಣ್ಣವರಿಗೆ ಹೆಚ್ಚುವರಿ ಡ್ರೈವರೇ ಸರಿ.

ಇನ್ನು ಹೊಸಬರ ಮಾತು. ಒಂದು ಕಾಲದಲ್ಲಿ ಡ್ರೈವರ್ ತಯಾರಾಗುತ್ತಿದ್ದುದು ಕ್ಲೀನರ್ ಸೀಟಿನಲ್ಲಿ. ಹದಿನೆಂಟು ದಾಟಿದ ಹುಡುಗ ಗಾಲಿ ಬಿಚ್ಚುತ್ತ, ತಾಡಪತ್ರಿ ಕಟ್ಟುತ್ತ, ಖಾಲಿ ಗಾಡಿಯನ್ನು ಯಾರ್ಡಿನಲ್ಲಿ ಹಿಂದೆ ಮುಂದೆ ಮಾಡುತ್ತ ಕಲಿಯುತ್ತಿದ್ದ. ಬಾಡಿಗೆ ಏರದೆ ಡೀಸೆಲ್ ಏರಿದಾಗ ಮಾಲಕರು ಮೊದಲು ಕೈಬಿಟ್ಟದ್ದು ಕ್ಲೀನರ್ ಅನ್ನು. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವೂ 2018ರಲ್ಲಿ ಹೋಯಿತು. ಕ್ಯಾಬಿನ್ನಿನಲ್ಲಿ ಈಗ ಒಬ್ಬನೇ. ಲೈಸೆನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದರೂ ಹೆವಿ ಗಾಡಿ ಕಲಿಸುವ ಜಾಗ ಹೆಚ್ಚಲಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, 7,500 ಕಿಲೋಗಿಂತ ಕಡಿಮೆಯ ಸರಕು ಗಾಡಿಗೆ ಸಾಮಾನ್ಯ ಹಗುರ ವಾಹನದ ಲೈಸೆನ್ಸೇ ಸಾಕೆಂದಿತು. ಇಂಡಿಯ ಲಿಂಬೆಕಾಯಿ ಹೇರುವ ಪಿಕಪ್ ಓಡಿಸಿ ಸಂಜೆಗೆ ಮನೆ ಸೇರುವ ಹುಡುಗನಿಗೆ ಹೆವಿ ಲೈಸೆನ್ಸಿನ ಗೊಡವೆಯೇ ಬೇಡವಾಗಿದೆ. ಅಪಘಾತದ ಭಯ ಬೇರೆ. ಗುದ್ದಿ ಓಡಿದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಡ್ರೈವರುಗಳು ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ನ್ಯಾಯ ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿಯಲಾಯಿತು. ಅವರ ಮನಸ್ಸಿನ ಭಯ ಅದರಿಂದ ಹೋಗಲಿಲ್ಲ. ಅಪಘಾತವಾದ ರಾತ್ರಿ ಫೋನ್ ಎತ್ತುವ, ಠಾಣೆಗೆ ವಕೀಲರನ್ನು ಕರೆದುಕೊಂಡು ಬರುವ ಮಾಲಕನ ಹೆಸರು ಡ್ರೈವರುಗಳ ನಡುವೆ ಬಾಯಿಂದ ಬಾಯಿಗೆ ಹೋಗುತ್ತದೆ.

2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರಿ ಟ್ರಕ್ಕುಗಳ ಕ್ಯಾಬಿನ್ನಿಗೆ ಏ.ಸಿ. ಕಡ್ಡಾಯವಾಗಿದೆ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಇಂಜಿನ್ ಬಂದ್ ಮಾಡಿ ಯಾರ್ಡಿನಲ್ಲಿ ನಿಂತಾಗ ಮಾತ್ರ ಅದು ತಣ್ಣಗಿಡುವುದಿಲ್ಲ. ಆದ್ದರಿಂದ ಎ.ಪಿ.ಎಂ.ಸಿ.ಗಳೂ ಕಾರ್ಖಾನೆಗಳೂ ಗೇಟಿನ ಬಳಿ ಒಂದು ನೆರಳಿನ ಶೆಡ್, ಶೌಚಾಲಯ, ನೀರು, ಪಾಳಿಯ ನಂಬರು ತೋರಿಸುವ ಒಂದು ಹಲಗೆ ಇಡಲಿ. ನಂಬರು ಗೊತ್ತಾದರೆ ಡ್ರೈವರ್ ನಿಶ್ಚಿಂತೆಯಾಗಿ ನಾಲ್ಕು ತಾಸು ಮಲಗಬಹುದು. ಲೋಡಿಂಗ್ ಹೊತ್ತನ್ನು ಬರೆಯುವ, ಹಾಲ್ಟಿಂಗ್ ಕೇಳುವ ಕೆಲಸವನ್ನು ಒಬ್ಬ ಮಾಲಕ ಒಬ್ಬನೇ ಮಾಡಿದರೆ ವ್ಯಾಪಾರಸ್ಥ ಹಿಂದಿನ ಗಾಡಿಯವನನ್ನು ಕರೆಯುತ್ತಾನೆ. ಒಂದು ತಾಲ್ಲೂಕಿನ ಲಾರಿ ಮಾಲಕರ ಸಂಘ ಕೂತು, ಆರು ತಾಸಿನ ಮೇಲೆ ಇಂತಿಷ್ಟು ಎಂದು ಒಂದೇ ದರ ಬರೆದು ಲಾರಿ ರಸೀದಿಯ ಹಿಂಭಾಗದಲ್ಲಿ ಅಚ್ಚು ಹಾಕಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಈ ಸುಗ್ಗಿಗೆ ಮುಂಚೆ ನಾಲ್ಕು ಊರಿನ ಸಂಘಗಳಲ್ಲಿ ಒಂದಾದರೂ ಈ ರಸೀದಿ ಪುಸ್ತಕ ಹೊರತರಲಿ ಎಂದು ಕೇಳಿಕೊಳ್ಳುತ್ತೇನೆ.